ನೋಟ್‌ಬುಕ್ ಫೋಟೊದಿಂದ 3×3 ಮ್ಯಾಟ್ರಿಕ್ಸ್‌ನ ವಿಲೋಮ: ಮೈನಸ್ ಚಿಹ್ನೆ ಕಣ್ತಪ್ಪದಿರಲಿ

ಗೆರೆ ಹಾಕಿದ ಪುಸ್ತಕದ ಫೋಟೊದಲ್ಲಿ ಮೈನಸ್ ಚಿಹ್ನೆಯು ಗೆರೆಯೊಳಗೆ ಮರೆಯಾಗುವುದರಿಂದ, ಲೆಕ್ಕಕ್ಕಿಳಿಯುವ ಮೊದಲು ಮ್ಯಾಟ್ರಿಕ್ಸನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

```
A =  2 -1  0
     1  3  1
     0  2  1
```

ಪ್ರತಿ ಅಂಶದ ಸಾಲು ಮತ್ತು ಕಂಬವನ್ನು ಮುಚ್ಚಿದಾಗ ಉಳಿಯುವ 2×2 ಡಿಟರ್ಮಿನೆಂಟ್‌ಗೆ ಸಾಲುಗಳಲ್ಲಿ ಕ್ರಮವಾಗಿ + − +, − + −, + − + ಚಿಹ್ನೆ ಹಚ್ಚಿದರೆ ಕೋಫ್ಯಾಕ್ಟರ್ ಸಿಗುತ್ತದೆ. ಉದಾಹರಣೆಗೆ, ಎರಡನೆಯ ಸಾಲಿನ ಮೊದಲನೆಯದು −[(−1)(1) − (0)(2)] = 1; ಇಲ್ಲಿ ಎರಡು ಮೈನಸ್‌ಗಳು ಸೇರುವುದರಿಂದ ನಿಧಾನವಾಗಿ ಬರೆಯುವುದೇ ಒಳ್ಳೆಯದು.

```
C =  1 -1  2
     1  2 -4
    -1 -2  7
```

ಮೊದಲ ಸಾಲಿನಿಂದ |A| = 2(1) + (−1)(−1) + 0(2) = 3. C ಯ ಸಾಲುಗಳನ್ನು ಕಂಬಗಳಾಗಿಸಿ 3 ರಿಂದ ಭಾಗಿಸಿದರೆ ವಿಲೋಮ ದೊರೆಯುತ್ತದೆ.

```
A⁻¹ = (1/3) ×  1  1 -1
              -1  2 -2
               2 -4  7
```

ಮ್ಯಾಟ್ರಿಕ್ಸನ್ನೇ ತಪ್ಪಾಗಿ ಓದಿದ್ದರೆ, ನಿಮ್ಮ ಉತ್ತರವನ್ನು ಅದರೊಂದಿಗೇ ಗುಣಿಸಿ ನೋಡುವ ತಾಳೆಯು ಸರಿಯೆಂದೇ ತೋರುತ್ತದೆ. ಆದ್ದರಿಂದ ಫೋಟೊದಲ್ಲಿ ಬರೆದವರು ಲೆಕ್ಕಹಾಕಿದ ಕೋಫ್ಯಾಕ್ಟರ್‌ಗಳೂ ಇದ್ದರೆ, ನೀವು ಓದಿಕೊಂಡ ಮೊದಲ ಸಾಲನ್ನು ಅಲ್ಲಿನ ಎರಡನೆಯ ಸಾಲಿನ ಕೋಫ್ಯಾಕ್ಟರ್‌ಗಳೊಂದಿಗೆ ಗುಣಿಸಿ ಕೂಡಿಸಿ: 2(1) + (−1)(2) + 0(−4) = 0 ಬರಲೇಬೇಕು. −1 ಅನ್ನು 1 ಎಂದು ಓದಿದ್ದರೆ 4 ಬರುತ್ತದೆ. ಆಗ ಫೋಟೊವನ್ನು ದೊಡ್ಡದು ಮಾಡಿ ಆ ಅಂಕಿಯನ್ನು ಮತ್ತೆ ನೋಡಿ, ಅದು ಸ್ಪಷ್ಟವಿದ್ದರೆ ಬರೆದವರ ಕೋಫ್ಯಾಕ್ಟರ್‌ಗಳನ್ನು ಪರಿಶೀಲಿಸಿ.