ಒಂದು ಕುರ್ಚಿ, ಇಬ್ಬರು ಅಕೌಂಟೆಂಟರು: ಬುಧವಾರದ ಹಸ್ತಾಂತರ ಮಾಡುವುದು ಹೇಗೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗವನ್ನು ತೆಗೆದುಕೊಳ್ಳೋಣ. ವಾರಕ್ಕೆ ಆರು ದಿನ, 48 ಗಂಟೆ, ತಿಂಗಳಿಗೆ 40,000 ರೂಪಾಯಿಯ ಒಂದೇ ಹುದ್ದೆ. ಅದನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬರು ಸೋಮವಾರದಿಂದ ಬುಧವಾರದವರೆಗೆ, ಇನ್ನೊಬ್ಬರು ಗುರುವಾರದಿಂದ ಶನಿವಾರದವರೆಗೆ. ಕಾಗದದ ಮೇಲೆ ಇದು ಸರಳವಾಗಿಯೇ ಕಾಣುತ್ತದೆ. ಆದರೆ ಇಂಥ ಏರ್ಪಾಡುಗಳು ಮುರಿದುಬಿದ್ದುದನ್ನು ನಾನು ಸಾಕಷ್ಟು ನೋಡಿದ್ದೇನೆ. ಸಂಬಳದ ವಿಚಾರಕ್ಕೆ ಮುರಿದದ್ದು ಕಡಿಮೆ. ಹೆಚ್ಚಿನವು ಮುರಿದದ್ದು ಒಬ್ಬರು ಎದ್ದುಹೋಗಿ ಇನ್ನೊಬ್ಬರು ಬಂದು ಕೂರುವ ಆ ಸಂಧಿಯಲ್ಲಿ.

ಮೊದಲ ಹೆಜ್ಜೆ ಸಂಬಳ. ತಲಾ 20,000. ಇಲ್ಲಿ ಮಾಲೀಕರು ಗಮನಿಸಬೇಕಾದದ್ದು ಒಂದಿದೆ: 40,000 ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ, 20,000 ಪಡೆಯುವವರು ಬರುತ್ತಾರೆ, ಏಕೆಂದರೆ ಮಿತಿ 21,000. ಇಬ್ಬರಿಂದಲೂ ತಲಾ 150 ರೂಪಾಯಿ ಕಡಿತವಾಗುತ್ತದೆ, ಕಂಪನಿ ಒಬ್ಬೊಬ್ಬರಿಗೂ 650 ಸೇರಿಸಬೇಕಾಗುತ್ತದೆ.

ಎರಡನೆಯದು ಲಾಗಿನ್. ಟ್ಯಾಲಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಬಳಕೆದಾರ ಹೆಸರು ಇರಲೇಬೇಕು. ಒಂದೇ ಹುದ್ದೆಯಲ್ಲವೇ, ಒಂದೇ ಪಾಸ್‌ವರ್ಡ್ ಸಾಕು ಎನ್ನುವುದು ಕೆಟ್ಟ ಅಡ್ಡದಾರಿ. ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ದಾಖಲೆ ಉಳಿಯುವಂಥ ತಂತ್ರಾಂಶವನ್ನೇ ಪ್ರೈವೇಟ್ ಲಿಮಿಟೆಡ್ ಕಂಪನಿಗಳು 2023ರ ಏಪ್ರಿಲ್ 1ರಿಂದ ಬಳಸಬೇಕಾಗಿದೆ. ಇಬ್ಬರೂ ಒಂದೇ ಹೆಸರಿನಲ್ಲಿ ಕೂತರೆ, ತಿದ್ದಿದವರು ಯಾರು ಎಂದು ಆಡಿಟರ್ ಕೇಳಿದಾಗ ಆ ದಾಖಲೆಯಿಂದ ಉತ್ತರ ಸಿಗುವುದಿಲ್ಲ. ಬ್ಯಾಂಕಿನ ಲಾಗಿನ್‌ಗೂ ಇದೇ ಮಾತು. ಒಟಿಪಿ ಒಬ್ಬರ ಮೊಬೈಲಿಗೆ ಮಾತ್ರ ಹೋಗುವಂತಿದ್ದರೆ, ಅವರು ರಜೆಯ ದಿನವೂ ಕೆಲಸದಲ್ಲಿದ್ದಂತೆಯೇ ಲೆಕ್ಕ. ಇಮೇಲ್ ವಿಳಾಸ ಮಾತ್ರ ಇಬ್ಬರಿಗೂ ಒಂದೇ ಇರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ.

ಮೂರನೆಯದು ಕೆಲಸದ ವಿಂಗಡಣೆ. ಬಿಲ್ಲು, ಪಾವತಿ, ಫೋನು ಇವೆಲ್ಲ ದಿನಕ್ಕೆ ಅಂಟಿಕೊಂಡಿರಲಿ. ಆ ದಿನ ಯಾರಿದ್ದಾರೋ ಅವರದು. ಆದರೆ ಗಡುವಿನ ಕೆಲಸಗಳನ್ನು ಹೀಗೆ ಬಿಡಬಾರದು. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಇವುಗಳಲ್ಲಿ ಒಂದೊಂದಕ್ಕೂ ವರ್ಷಪೂರ್ತಿ ಒಬ್ಬರದೇ ಹೆಸರು ಬರೆದಿಡಿ. ತಿಂಗಳಿಂದ ತಿಂಗಳಿಗೆ ತಾರೀಖು ವಾರದ ಬೇರೆ ಬೇರೆ ದಿನಕ್ಕೆ ಬೀಳುತ್ತದೆ. ‘ಆ ದಿನ ಇದ್ದವರು ಮಾಡಲಿ’ ಎಂದರೆ ಅದು ಇಬ್ಬರ ನಡುವೆ ಜಾರಿ ಬೀಳುತ್ತದೆ. ಹೆಸರಿದ್ದವರ ಪಾಳಿಯಲ್ಲಿ ಗಡುವು ಬೀಳದಿದ್ದರೆ ಅವರು ತಮ್ಮ ಹಿಂದಿನ ಪಾಳಿಯಲ್ಲೇ ಮುಗಿಸಬೇಕು.

ಇನ್ನು ಹಸ್ತಾಂತರ. ನನ್ನ ಸಲಹೆ ಬುಧವಾರ ಮಧ್ಯಾಹ್ನ 3.30ರಿಂದ 5.30ರವರೆಗೆ ಇಬ್ಬರೂ ಕಚೇರಿಯಲ್ಲಿರುವುದು. ಗುರುವಾರದವರು ಆ ಎರಡು ಗಂಟೆ ಹೆಚ್ಚಿಗೆ ಬರುತ್ತಾರೆ, ಬದಲಿಗೆ ಶನಿವಾರ 3.30ಕ್ಕೆ ಹೊರಡುತ್ತಾರೆ. ಇಬ್ಬರದೂ 24 ಗಂಟೆಯೇ ಉಳಿಯುತ್ತದೆ, ಯಾರೂ ಬಿಟ್ಟಿ ದುಡಿದಂತಾಗುವುದಿಲ್ಲ. ‘ಐದು ನಿಮಿಷ ಮಾತಾಡಿಕೊಂಡರೆ ಸಾಲದೇ’ ಎನ್ನುವ ಮಾಲೀಕರ ಮಾತಿಗೆ ಒಪ್ಪಬೇಡಿ. ಬಾಗಿಲಲ್ಲಿ ನಿಂತು ಆಡಿದ ಮಾತು ಶುಕ್ರವಾರದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಆ ಎರಡು ಗಂಟೆಯಲ್ಲಿ ಮುಗಿದ ಕೆಲಸಗಳ ಪಟ್ಟಿ ಓದಬೇಡಿ. ಮುಗಿದದ್ದು ಟ್ಯಾಲಿಯಲ್ಲಿದೆ. ಮಾತಾಡಬೇಕಾದದ್ದು ನಡುವೆ ನಿಂತದ್ದರ ಬಗ್ಗೆ ಮಾತ್ರ. ಒಂದೊಂದಕ್ಕೂ ನಾಲ್ಕು ಸಂಗತಿ ಬರೆದಿರಬೇಕು: ಯಾರ ವಿಷಯ, ಎಲ್ಲಿಗೆ ಬಂದು ನಿಂತಿದೆ, ನಾವು ಏನು ಮಾತು ಕೊಟ್ಟಿದ್ದೇವೆ, ಮುಂದಿನ ಕೆಲಸ ಯಾವ ದಿನ. ಹೆಚ್ಚಿನವರು ಬಿಟ್ಟುಬಿಡುವುದು ಮೂರನೆಯದನ್ನು, ಜಗಳ ಹುಟ್ಟುವುದೂ ಅಲ್ಲಿಂದಲೇ.

ಉದಾಹರಣೆಗೆ, ಎರಕದ ಬಿಡಿಭಾಗ ಕಳಿಸುವವರೊಬ್ಬರ ಬಿಲ್ಲು. 50 ಬಿಡಿಭಾಗ, ತಲಾ 2,000, ಶೇ 18 ಜಿಎಸ್‌ಟಿ ಸೇರಿ 1,18,000. ಮಂಗಳವಾರ ಸ್ಟೋರಿನವರು ನಾಲ್ಕು ಬಿಡಿಭಾಗ ಬಿರುಕುಬಿಟ್ಟಿವೆ ಎಂದು ತಿರಸ್ಕರಿಸಿದರು. ಸೋಮವಾರದವರು ‘ಎರಕದ ಬಿಲ್ಲು, ವಿಚಾರಿಸಿ’ ಎಂದು ಬರೆದು ಹೋದರೆ, ಗುರುವಾರದವರು ಪೂರ್ತಿ ಹಣ ಕಳಿಸಿಬಿಡಬಹುದು, ಅಥವಾ ಏನೂ ಕಳಿಸದೆ ಕೂರಬಹುದು. ಬರೆಯಬೇಕಾದದ್ದು ಹೀಗೆ: ‘ನಾಲ್ಕು ಬಿಡಿಭಾಗ ವಾಪಸ್. ತೆರಿಗೆ ಸೇರಿ 9,440ಕ್ಕೆ ಡೆಬಿಟ್ ನೋಟ್ ಸಿದ್ಧವಾಗಿದೆ, ಇನ್ನೂ ಕಳಿಸಿಲ್ಲ. ಉಳಿದ 1,08,560 ಅನ್ನು ಶುಕ್ರವಾರ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದೇನೆ. ಗುರುವಾರ ಬೆಳಿಗ್ಗೆ ಡೆಬಿಟ್ ನೋಟ್ ಕಳಿಸಿ, ಒಪ್ಪಿಗೆ ಇಮೇಲ್ ಬಂದ ಮೇಲೆ ಪಾವತಿ.’ ಇದನ್ನು ಓದಿದವರು ಸೋಮವಾರದವರಿಗೆ ಫೋನು ಮಾಡಬೇಕಾಗಿಲ್ಲ. ಟಿಪ್ಪಣಿ ಚೆನ್ನಾಗಿದೆಯೇ ಎಂದು ಅಳೆಯಲು ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ. ಗುರುವಾರ ‘ಇದೇನಿದು?’ ಎಂಬ ಕರೆಗಳು ಹೋಗುತ್ತಿದ್ದರೆ ಹಸ್ತಾಂತರ ಆಗಿಲ್ಲವೆಂದೇ ಅರ್ಥ.

ಇದಕ್ಕೆ ದುಬಾರಿ ಆ್ಯಪ್ ಕೊಳ್ಳಬೇಡಿ. ಇಬ್ಬರೂ ತೆರೆಯಬಹುದಾದ ಒಂದು ಎಕ್ಸೆಲ್ ಹಾಳೆ ಸಾಕು, ಉದ್ದನೆಯ ರಿಜಿಸ್ಟರ್ ಪುಸ್ತಕವಾದರೂ ಆದೀತು. ವಾಟ್ಸ್ಆ್ಯಪ್ ಮಾತ್ರ ಬೇಡವೇ ಬೇಡ. ಅಲ್ಲಿ ಹಬ್ಬದ ಶುಭಾಶಯಗಳ ನಡುವೆ ಡೆಬಿಟ್ ನೋಟ್ ಕಳೆದುಹೋಗುತ್ತದೆ. ಧ್ವನಿ ಸಂದೇಶವಂತೂ ಇನ್ನೂ ಕೆಟ್ಟದ್ದು, ಅದರಲ್ಲಿ ಒಂದು ಮೊತ್ತ ಹುಡುಕಲು ಪೂರ್ತಿ ಕೇಳಬೇಕು.

ಬುಧವಾರದ ಮೇಲೆ ಇಷ್ಟು ಗಮನ ಕೊಟ್ಟವರೂ ವಾರಕ್ಕೆ ಹಸ್ತಾಂತರ ಎರಡು ಸಲ ಎಂಬುದನ್ನು ಮರೆಯುತ್ತಾರೆ. ಶನಿವಾರದಿಂದ ಸೋಮವಾರಕ್ಕೆ ದಾಟುವಾಗ ಇಬ್ಬರೂ ಭೇಟಿಯಾಗುವುದಿಲ್ಲ. ಹಾಗಾಗಿ ಶನಿವಾರದ ಟಿಪ್ಪಣಿ ಬುಧವಾರದ್ದಕ್ಕಿಂತ ಉದ್ದವಾಗಿರಬೇಕು, ಮನೆಗೆ ಹೊರಡುವ ಅವಸರದಲ್ಲಿ ಬರೆಯುವಂಥದ್ದಾಗಬಾರದು. 2.45ಕ್ಕೇ ಶುರುಮಾಡಿ. ಸೋಮವಾರದವರು ಬಂದ ಮೊದಲ ಅರ್ಧ ಗಂಟೆ ಫೋನು ಎತ್ತದೆ ಅದನ್ನು ಓದಬೇಕು. ತೀರಾ ಅರ್ಥವಾಗದ್ದನ್ನು ಕೇಳಲು ಸೋಮವಾರ 9.30ರಿಂದ 9.45ರವರೆಗೆ ಮಾತ್ರ ಕರೆ ಎಂದು ಮೊದಲೇ ಒಪ್ಪಿಕೊಳ್ಳಿ. ಅದರಾಚೆ ರಜೆಯಲ್ಲಿರುವವರನ್ನು ಕಾಡಬಾರದು.

ಟಿಪ್ಪಣಿ ಎಷ್ಟು ಚೆನ್ನಾಗಿದ್ದರೂ ಒಂದು ಅಪಾಯ ಉಳಿದೇ ಇರುತ್ತದೆ. ಅಪ್ಪ ಬೇಡವೆಂದದ್ದನ್ನು ಅಜ್ಜಿಯ ಬಳಿ ಕೇಳುವ ಮಕ್ಕಳಂತೆ, ಸರಬರಾಜುದಾರರು ಇಬ್ಬರಲ್ಲಿ ಮೆತ್ತಗಿರುವವರು ಯಾರೆಂದು ಒಂದೆರಡು ತಿಂಗಳಲ್ಲೇ ಕಂಡುಕೊಳ್ಳುತ್ತಾರೆ. ‘ಸೋಮವಾರದ ಮೇಡಂ ಆಗುವುದಿಲ್ಲ ಎಂದರು, ನೀವಾದರೂ ನೋಡಿ’ ಎಂಬ ಮಾತು ಕಿವಿಗೆ ಬಿದ್ದ ದಿನವೇ ನಿಯಮ ಮಾಡಿ: ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ಬುಧವಾರ ಎದುರು ಕೂತು ಮಾತಾಡದೆ ಬದಲಿಸುವಂತಿಲ್ಲ. ಮಾಲೀಕರೂ ಈ ನಿಯಮಕ್ಕೆ ಒಳಪಡಬೇಕು. ಒಬ್ಬರಿಗೆ ಬಾಯಿಮಾತಿನಲ್ಲಿ ಹೇಳಿದ ಆದೇಶವನ್ನು ಮಾಲೀಕರೇ ಹಾಳೆಯಲ್ಲಿ ಬರೆಯಲಿ.

ಕೊನೆಯದಾಗಿ ರಜೆ. ಇದನ್ನು ಜನವರಿಯಲ್ಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ತೀರ್ಮಾನಿಸಿ. 2026ನ್ನೇ ನೋಡಿ: ಗಣರಾಜ್ಯೋತ್ಸವ ಸೋಮವಾರ, ಕಾರ್ಮಿಕರ ದಿನ ಶುಕ್ರವಾರ, ಸ್ವಾತಂತ್ರ್ಯ ದಿನ ಶನಿವಾರ, ಗಾಂಧಿ ಜಯಂತಿ ಶುಕ್ರವಾರ, ರಾಜ್ಯೋತ್ಸವ ಭಾನುವಾರ. ಸೋಮವಾರದವರಿಗೆ ಸಿಗುವುದು ಒಂದು ರಜೆ, ಗುರುವಾರದವರಿಗೆ ಮೂರು. ಅವರವರ ಅದೃಷ್ಟ ಎಂದು ಬಿಟ್ಟರೆ ಆಗಸ್ಟ್ ಹೊತ್ತಿಗೆ ಮುಖ ಸಿಂಡರಿಸುವುದು ಖಚಿತ. ಗುರುವಾರದವರು ವರ್ಷದಲ್ಲಿ ಒಂದು ದಿನ ಸೋಮವಾರದವರ ಪಾಳಿಯನ್ನು ಮಾಡಿಕೊಟ್ಟರೆ ಇಬ್ಬರಿಗೂ ತಲಾ ಎರಡಾಗುತ್ತದೆ. ಯಾವ ದಿನವೆಂದು ಆಗಲೇ ಹಾಳೆಯಲ್ಲಿ ಬರೆದುಬಿಡಿ. ಉಳಿದ ಹಬ್ಬದ ರಜೆಗಳಿಗೂ ಇದೇ ಲೆಕ್ಕ.