‘ಮೃದುವಾಗಿ ಮಾತನಾಡುವ ಶಕ್ತಿ’ಯಿಂದ ‘ಮನೆ ತಣ್ಣಗೆ’ವರೆಗೆ: ಒಂದು ಮಿಕ್ಸಿ ಜಾಹೀರಾತಿನ ಕಥೆ

ಜಾಹೀರಾತನ್ನು ಕನ್ನಡಕ್ಕೆ ತರುವಾಗ ಇಂಗ್ಲಿಷ್ ಸ್ಕ್ರಿಪ್ಟನ್ನು ಎದುರಿಗೇ ಇಟ್ಟುಕೊಳ್ಳಬೇಡಿ ಅಂತ ನಾನು ನಾಲ್ಕೈದು ವರ್ಷದಿಂದ ಹೇಳುತ್ತಿದ್ದೇನೆ. ಜತೆಗೆ ಕೆಲಸ ಮಾಡುವವರು ನಗುತ್ತಿದ್ದರು. ‘ಕ್ಲೈಂಟ್ ಲೈನ್ ಟು ಲೈನ್ ನೋಡ್ತಾರೆ ಸಾರ್, ಅದೆಲ್ಲ ಆಗಲ್ಲ’ ಅನ್ನೋದು ಏಜೆನ್ಸಿಯವರ ಸಿದ್ಧ ಉತ್ತರ. ಈ ಸಲ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಂದದ್ದು 30 ಸೆಕೆಂಡಿನ ಮಿಕ್ಸಿ ಜಾಹೀರಾತು. ಸ್ಕ್ರಿಪ್ಟ್ ಇಂಗ್ಲಿಷಿನಲ್ಲಿ, ಶೂಟಿಂಗ್ ಆದದ್ದು ಹಿಂದಿಯಲ್ಲಿ. ಕಥೆ ಇಷ್ಟೇ. ಬೆಳಗ್ಗೆ ಸೊಸೆ ಚಟ್ನಿ ರುಬ್ಬುತ್ತಾಳೆ, ಆದರೂ ಮನೆಯಲ್ಲಿ ಯಾರೂ ಏಳಲ್ಲ, ಯಾಕೆಂದರೆ ಮಿಕ್ಸಿ ಸದ್ದು ಕಡಿಮೆ. ನನಗಿಂತ ಮೊದಲು ಯಾರೋ ಪದಕ್ಕೆ ಎರಡು ರೂಪಾಯಿ ಲೆಕ್ಕದಲ್ಲಿ ಅನುವಾದ ಮಾಡಿಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಸುಮಾರು 60 ಪದ, ಕನ್ನಡದಲ್ಲಿ 45. ಪದ ಕಡಿಮೆಯಾಯಿತು, ಸಮಯವೂ ಉಳಿಯುತ್ತೆ ಅಂದುಕೊಂಡಿದ್ದರಂತೆ. ಸ್ಟುಡಿಯೋದಲ್ಲಿ ಓದಿಸಿದರೆ 38 ಸೆಕೆಂಡ್! ನಮ್ಮ ಪದಕ್ಕೆ ಬಾಲ ಉದ್ದ, ‘ಹೊರತುಪಡಿಸಿ’ ಅಂತ ಒಂದೇ ಪದಕ್ಕೆ ಆರು ಅಕ್ಷರ. ಪದ ಎಣಿಸಿದರೆ ಮೋಸ ಹೋಗುತ್ತೀರಿ, ಅಕ್ಷರ ಎಣಿಸಿ. ಸೆಕೆಂಡಿಗೆ ಐದು ಅಕ್ಷರ ನನ್ನ ಲೆಕ್ಕ. ಸಂಗೀತಕ್ಕೆ, ಉಸಿರಿಗೆ ಜಾಗ ಬಿಟ್ಟರೆ 30 ಸೆಕೆಂಡಿಗೆ 120 ದಾಟಬಾರದು. ಅವರದ್ದು 180ರ ಹತ್ತಿರ ಇತ್ತು.

ಆದರೆ ಉದ್ದ ಒಂದೇ ತೊಂದರೆ ಅಲ್ಲ. ನಡುವೆ ಒಂದು ಸಾಲಿತ್ತು, ‘ಇಟ್ ಗ್ರೈಂಡ್ಸ್ ಎವ್ರಿಥಿಂಗ್, ಎಕ್ಸೆಪ್ಟ್ ಯುವರ್ ಸ್ಲೀಪ್’. ನಗು ಇರೋದು ಕೊನೆಯ ಪದದಲ್ಲಿ. ಅನುವಾದದಲ್ಲಿ ಅದು ‘ಇದು ನಿಮ್ಮ ನಿದ್ದೆಯನ್ನು ಹೊರತುಪಡಿಸಿ ಎಲ್ಲವನ್ನೂ ಪುಡಿ ಮಾಡುತ್ತದೆ’ ಆಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಹಾಗಾಗಿ ನಿದ್ದೆ ಮೊದಲೇ ಬಂದು ಕೂತು ಗುಟ್ಟು ರಟ್ಟಾಯಿತು. ಕೊನೆಗೆ ಕೇಳಿಸೋದು ಸಪ್ಪೆ ‘ಮಾಡುತ್ತದೆ’.

ನಾನು ಮೊದಲು ಮಾಡಿದ ಕೆಲಸ ಅಂದರೆ ಸ್ಕ್ರಿಪ್ಟನ್ನು ಒಂದೇ ಸಲ ಓದಿ ಮುಚ್ಚಿಟ್ಟದ್ದು. ಹಿಂದಿ ಫಿಲ್ಮನ್ನು ಮ್ಯೂಟ್ ಮಾಡಿ ಹತ್ತು ಸಲ ನೋಡಿದೆ. ಆಮೇಲೆ ತಿಪಟೂರಿನ ದೊಡ್ಡಮ್ಮನಿಗೆ ಫೋನ್ ಹಚ್ಚಿ, ರೆಕಾರ್ಡ್ ಮಾಡ್ಕೋತೀನಿ ಅಂತ ಹೇಳಿ ಕಥೆ ಒಪ್ಪಿಸಿದೆ. ದೊಡ್ಡಮ್ಮ ಪೂರ್ತಿ ಕೇಳಲೇ ಇಲ್ಲ. ‘ಅಯ್ಯೋ, ನಮ್ಮನೇದು ನಿಂತ್ಮೇಲೇ ಕಣೋ ಮನೆ ತಣ್ಣಗಾಗೋದು’ ಅಂದರು. ತಣ್ಣಗೆ! ಹೊಟ್ಟೆ ತಣ್ಣಗಿರಲಿ ಅಂತ ಹರಸುವ ಭಾಷೆ ನಮ್ಮದು, ಅದು ಬಿಟ್ಟು ನಾನು ನಿಶ್ಶಬ್ದ, ಸದ್ದಿಲ್ಲ ಅಂತ ಎರಡು ದಿನ ಒದ್ದಾಡುತ್ತಿದ್ದೆ.

ಕಂಪನಿಯ ಮುಖ್ಯ ಸಾಲು ‘ಪವರ್ ದಟ್ ಸ್ಪೀಕ್ಸ್ ಸಾಫ್ಟ್‌ಲಿ’. ಅನುವಾದಕರು ‘ಮೃದುವಾಗಿ ಮಾತನಾಡುವ ಶಕ್ತಿ’ ಅಂತ ಮಾಡಿದ್ದರು, ಯಾವುದೋ ಪ್ರವಚನದ ಬ್ಯಾನರ್ ಥರ. ನಾನು ಬರೆದದ್ದು:

ಚಟ್ನಿ ನುಣ್ಣಗೆ, ಮನೆ ತಣ್ಣಗೆ.

ಅವರದು 11 ಅಕ್ಷರ, ನನ್ನದು 10, ಉಳಿತಾಯ ಒಂದೇ ಒಂದು. ಆದರೆ ಎರಡು-ಮೂರು, ಎರಡು-ಮೂರು ಅಂತ ಬೀಳುವುದರಿಂದ ಕೊನೆಯ ಸಂಗೀತದ ತುಣುಕಿಗೆ ತಾನಾಗಿ ಕೂತಿತು. ಮೇಜು ತಟ್ಟಿಕೊಂಡು ಹೇಳಿ ನೋಡಿ, ಗೊತ್ತಾಗುತ್ತೆ.

ನಿದ್ದೆ ಸಾಲಿಗೆ ಮಾತ್ರ ಚೆನ್ನಾಗಿ ಏಟು ತಿಂದೆ. ಮೊದಲು ‘ಮೆಣಸು ಪುಡಿ, ದನಿಯಾ ಪುಡಿ, ಕೊಬ್ಬರಿ ಪುಡಿ, ನಿದ್ದೆ ಮಾತ್ರ ಇಡಿ’ ಅಂತ ಬರೆದು ಬೀಗಿಕೊಂಡು ಸ್ಟುಡಿಯೋಕ್ಕೆ ಹೋದೆ. ಕಾಗದದ ಮೇಲೆ ಚೆನ್ನಾಗಿತ್ತು. ಓದಿಸಿದಾಗ ಸೌಂಡ್ ಎಂಜಿನಿಯರ್ ಹುಡುಗ, ‘ನಿದ್ದೆ ಎಲ್ಲಿ ಇಡ್ಬೇಕು ಸಾರ್?’ ಅಂದ. ಕಿವಿಗೆ ಅದು ‘ಇಟ್ಟುಬಿಡಿ’ ಅನ್ನೋ ಇಡಿ! ಇನ್ನೊಬ್ಬರಿಗೆ ದಾಳಿ ಮಾಡೋ ಇ.ಡಿ. ನೆನಪಾಯಿತಂತೆ. ಗಂಟೆಗೆ 1,200ರಂತೆ ಎರಡು ಗಂಟೆ, ನನ್ನ ಜೇಬಿನಿಂದ ಹೋಯಿತು. ಮನೆಗೆ ಬರುವಾಗ ಆಟೋದವರ ಹತ್ತಿರ ಚಿಲ್ಲರೆಗೆ ಎಳೆದಾಡುತ್ತಿದ್ದೆ, ಅವರು ‘ಪರವಾಗಿಲ್ಲ ಬಿಡಿ’ ಅಂದರು. ಅಲ್ಲೇ ಸಿಕ್ಕಿತು.

ಮೆಣಸು ಪುಡಿ, ದನಿಯಾ ಪುಡಿ, ಕೊಬ್ಬರಿ ಪುಡಿ... ನಿದ್ದೆ ಮಾತ್ರ ಕೆಡಲ್ಲ, ಬಿಡಿ.

ತಮಾಷೆ ಏನು ಗೊತ್ತಾ? ಹಳೇ ಸಪ್ಪೆ ಸಾಲೂ 24 ಅಕ್ಷರ, ಇದೂ 24. ‘ಬಿಡಿ’ಗೆ ಅರ್ಥದ ಕೆಲಸ ಏನೂ ಇಲ್ಲ, ಆದರೆ ಪ್ರಾಸಾನೂ ಅದೇ, ಸಮಾಧಾನಾನೂ ಅದೇ.

ಇನ್ನು ತುಟಿ ಹೊಂದಿಸೋದು. ತೆರೆ ಮೇಲೆ ಸೊಸೆ ‘ಮಮ್ಮೀಜಿ’ ಅನ್ನುತ್ತಾಳೆ, ತುಟಿ ಮುಚ್ಚೋದು ಎದ್ದು ಕಾಣುತ್ತೆ. ಅನುವಾದದಲ್ಲಿ ‘ಶುಭೋದಯ ಅಮ್ಮ, ಚೆನ್ನಾಗಿ ನಿದ್ರಿಸಿದಿರಾ?’ ಅಂತಿತ್ತು. ಯಾವ ಮನೆಯಲ್ಲಿ ಅತ್ತೆಗೆ ಶುಭೋದಯ ಹೇಳ್ತಾರೆ ಹೇಳಿ? ‘ಅಮ್ಮ’ ಅಂದರೆ ತುಟಿ ಕೂಡುತ್ತೆ ನಿಜ, ಆದರೆ ನೋಡುವವರು ತವರುಮನೆ ಅಂದುಕೊಳ್ಳುತ್ತಾರೆ. ‘ಅತ್ತೆ’ ಅಂದರೆ ತುಟಿ ಮುಚ್ಚೋದೇ ಇಲ್ಲ. ‘ಎದ್ಬಿಟ್ರಾ ಅತ್ತೆ?’ ಅಂತ ಮಾಡಿದೆ. ‘ಬಿ’ ಹತ್ತಿರ ತುಟಿ ಕೂಡಿತು. ಎರಡು ಸಲ ಮುಚ್ಚಬೇಕಿತ್ತು, ಒಂದೇ ಸಲ ಆಯಿತು, ಯಾರಿಗೂ ಗೊತ್ತಾಗಲಿಲ್ಲ. ಉಳಿದದ್ದನ್ನು ಎಂಜಿನಿಯರ್ ಎರಡು ಫ್ರೇಮ್ ಹಿಂದೆ ಮುಂದೆ ಮಾಡಿ ಕೂರಿಸಿದ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಕ್ಲೈಂಟ್ ಕಡೆಯವರಿಗೆ ಕನ್ನಡ ಬರಲ್ಲ, ಅದಕ್ಕೆ ಏಜೆನ್ಸಿ ನನ್ನ ಸಾಲನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕಳಿಸಿತು. ‘ಚಟ್ನಿ ಸ್ಮೂತ್, ಹೌಸ್ ಕೂಲ್’. ಆ ಕಡೆಯಿಂದ ಮೇಲ್ ಬಂತು, ‘ಆರ್ ವಿ ಸೆಲ್ಲಿಂಗ್ ಏರ್ ಕಂಡಿಷನರ್ಸ್?’ ಪವರ್ ಎಲ್ಲಿ ಹೋಯಿತು ಅಂತ ಇನ್ನೊಂದು ಪ್ರಶ್ನೆ. ಕೆಲಸ ಕೈಬಿಟ್ಟಿತು ಅಂದುಕೊಂಡೆ. ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿದೆ. ಕನ್ನಡ ಸಾಲು, ಪದಶಃ ಅರ್ಥ, ಮೂರನೆಯದರಲ್ಲಿ ಆ ಸಾಲು ಕೇಳಿದವರ ತಲೆಯಲ್ಲಿ ಏನು ಮೂಡುತ್ತೆ ಅನ್ನೋದು. ನುಣ್ಣಗೆ ಆಗಬೇಕಾದರೆ ಪವರ್ ಇರಲೇಬೇಕು, ಅದನ್ನು ಬೇರೆ ಹೇಳಬೇಕಾಗಿಲ್ಲ ಅಂತ ಬರೆದೆ. ಜತೆಗೆ ಎರಡೂ ಆವೃತ್ತಿಯನ್ನು ಬಸ್ ಸ್ಟ್ಯಾಂಡ್, ಕೆಲಸದವರು, ನೆಂಟರು ಅಂತ ಹದಿನೈದು ಇಪ್ಪತ್ತು ಜನಕ್ಕೆ ಫೋನಿನಲ್ಲಿ ಒಂದೇ ಸಲ ಕೇಳಿಸಿ, ಹತ್ತು ನಿಮಿಷ ಬೇರೆ ಮಾತಾಡಿ, ಏನು ನೆನಪಿದೆ ಅಂತ ಕೇಳಿದೆ. ನನ್ನ ಸಾಲನ್ನು ಹನ್ನೆರಡು ಹದಿಮೂರು ಜನ ಹಾಗೇ ಒಪ್ಪಿಸಿದರು. ‘ಶಕ್ತಿ’ಯದ್ದು ಇಬ್ಬರಿಗೆ ನೆನಪಿತ್ತು, ಅದರಲ್ಲೊಬ್ಬರು ಟಾನಿಕ್ ಜಾಹೀರಾತು ಅಂದುಕೊಂಡಿದ್ದರು. ಈ ರೆಕಾರ್ಡಿಂಗನ್ನೂ ಕಳಿಸಿದೆ. ಯಾವ ಕ್ರಮದಲ್ಲಿ ಕಳಿಸಿದೆ, ಯಾರ ದನಿ ಮೊದಲು ಹಾಕಿದೆ ಅನ್ನೋದೇ ಒಪ್ಪಿಗೆಯ ಗುಟ್ಟು. ಅದು ನನ್ನ ಹತ್ತಿರವೇ ಇರಲಿ, ನನ್ನ ಹೊಟ್ಟೆಪಾಡು.

ಸುಮ್ನೆ ಇರಲಾರದೆ ಧಾರವಾಡದ ಕಡೆಗೂ ಒಂದು ಮಾಡಿ ನೋಡಿದೆ, ‘ಚಟ್ನಿ ನುಣ್ಣಗ, ಮನಿ ತಣ್ಣಗ’. ಹುಬ್ಬಳ್ಳಿಯ ಗೆಳೆಯ ಕೇಳಿ, ‘ತಣ್ಣಗ ಬರೋಬರಿ ಐತಿ, ಆದ್ರ ಶೇಂಗಾ ಚಟ್ನಿ ನುಣ್ಣಗಾದ್ರ ಯಾರು ತಿಂತಾರೋ?’ ಅಂದ. ಅಲ್ಲಿ ಚಟ್ನಿ ಅಂದರೆ ಪುಡಿ, ಅದೂ ತರಿತರಿ. ದನಿಯಾಕ್ಕೂ ಹವೀಜ ಅನ್ನಬೇಕು. ಅಂತ್ಯ ಬದಲಿಸಿದರೆ ಊರು ಬದಲಾಗಲ್ಲ ಅಂತ ಅವನ ಹತ್ತಿರ ಬೈಸಿಕೊಂಡು ಕೈಬಿಟ್ಟೆ. ಬಜೆಟ್ಟೂ ಇರಲಿಲ್ಲ.

ದುಡ್ಡಿನ ವಿಷಯ. ಮೊದಲು 1,500 ಅಂದರು. ನಾನು 8,000 ಕೇಳಿ ಆರಕ್ಕೆ ಒಪ್ಪಿದೆ, ಅದರಲ್ಲಿ ಸ್ಟುಡಿಯೋದ 2,400 ಕಳೆಯಿರಿ. ಬಿಲ್ ಪಾಸಾಗಲು ಎರಡು ತಿಂಗಳ ಮೇಲಾಯಿತು.

ಹೋದ ವಾರ ಅದರದ್ದೇ 20 ಸೆಕೆಂಡಿನ ಎಡಿಟ್ ಬಂತು. ಒಂದು ಪುಡಿ ತೆಗೆದು ಎರಡೇ ಇಡಿ ಅಂದರು. ಹಾಗೆ ಓದಿಸಿದೆ, ‘ಬಿಡಿ’ ನೆಲ ಕಾಣದೆ ತೇಲಿತು. ಮೂರು ಸಲ ಪುಡಿ ಬಿದ್ದ ಮೇಲೇ ಕಿವಿ ನಾಲ್ಕನೆಯದಕ್ಕೆ ಕಾಯೋದು. ಪುಡಿ ಮೂರನ್ನೂ ಉಳಿಸಿಕೊಂಡು ಅತ್ತೆಯನ್ನು ತೆಗೆದೆ. ಒಪ್ಪಿಕೊಂಡರು, ಈ ಸಲ ಮೂರು ಕಾಲಂ ಹಾಳೆ ಅವರೇ ಕೇಳಿದರು.