ಚಿತ್ರ ತಡವಾಗಿ ಬಂದರೂ ಗಿರಾಕಿ ಕಾದರು: ನನ್ನ ಅನುಭವ

ನಮ್ಮದು ಆಮಂತ್ರಣ ಪತ್ರಿಕೆ ಮಾಡಿಕೊಡುವ ಆ್ಯಪ್. ಗಿರಾಕಿ ಎರಡು ಸಾಲು ಬರೆದರೆ ಹಿನ್ನೆಲೆ ಚಿತ್ರ ಹೊರಗಿನ ಇಮೇಜ್ ಎಪಿಐಯಿಂದ ಬರುತ್ತದೆ. ಚಿತ್ರವೊಂದಕ್ಕೆ ನಮಗೆ ಬೀಳೋದು ಸುಮಾರು ಮೂರೂವರೆ ರೂಪಾಯಿ. ಮೊದಲ ತಿಂಗಳ ಬಿಲ್ ನೋಡಿ ತಲೆ ತಿರುಗಿತು: ಮಾರಿದ ಕಾರ್ಡಿನ ಮೂರು ಪಟ್ಟು ಚಿತ್ರಗಳಿಗೆ ದುಡ್ಡು ಹೋಗಿತ್ತು.

ಕಾರಣ ಲಾಗ್‌ನಲ್ಲೇ ಇತ್ತು. ಚಿತ್ರ 12 ಸೆಕೆಂಡಿಗೆ ಬರುತ್ತಿತ್ತು, ಸಂಜೆ ಮಾತ್ರ 40 ದಾಟುತ್ತಿತ್ತು. ನಮ್ಮ ಲೋಡ್ ಬ್ಯಾಲೆನ್ಸರ್ 30ಕ್ಕೇ ಕೈಬಿಡುತ್ತಿತ್ತು. ಗಿರಾಕಿಗೆ ಎರರ್ ಕಾಣುತ್ತಿತ್ತು, ಅತ್ತ ಚಿತ್ರ ತಯಾರಾಗಿ ಬಿಲ್ಲೂ ಆಗುತ್ತಿತ್ತು. ಅವರು ಮತ್ತೆ ಒತ್ತುತ್ತಿದ್ದರು, ನಮ್ಮ ಕೋಡೂ ತಾನಾಗಿ ಮೂರು ಸಲ ಕೇಳುತ್ತಿತ್ತು. ಒಂದು ಗೃಹಪ್ರವೇಶದ ಕಾರ್ಡಿಗೆ ಆರು ಚಿತ್ರ!

ಚಿತ್ರದ ಕೆಲಸವನ್ನು ಕ್ಯೂಗೆ ಹಾಕಿ ಹಿಂದೆ ನಡೆಸೋಣ ಅಂದಾಗ ಪಾಲುದಾರರು ನಕ್ಕರು: "ಕಾಯಿಸಿದ್ರೆ ಯಾರಿರ್ತಾರ್ರೀ?" ನಾನು ಫಾರ್ಮಿನ ಕ್ರಮವನ್ನೇ ತಿರುಗಿಸಿದೆ. ಚಿತ್ರದ ವಿವರ ಮೊದಲು. ಅದನ್ನು ಕಳಿಸಿದ ಮೇಲೆ ಹೆಸರು, ಮುಹೂರ್ತ, ಛತ್ರದ ವಿಳಾಸ. ಅವನ್ನು ತುಂಬಲು ಜನಕ್ಕೆ ಒಂದು ನಿಮಿಷವಾದರೂ ಬೇಕು. ಅಷ್ಟರಲ್ಲಿ ಚಿತ್ರ ಬಂದಿರುತ್ತದೆ. ಎರಡು ಸಲ ಒತ್ತಿದರೂ ಕೆಲಸ ಒಂದೇ ಆಗಲೆಂದು ಪರದೆ ತೆರೆದಾಗಲೇ ಒಂದು ಕೀ ಹುಟ್ಟಿಸಿ, `job_key` ಕಾಲಂ ಯೂನಿಕ್ ಮಾಡಿದೆ:

```
INSERT INTO jobs (job_key, prompt)
VALUES ($1, $2)
ON CONFLICT (job_key) DO NOTHING;
```

ಮುಂದಿನ ತಿಂಗಳು ಬಿಲ್ ಅರ್ಧಕ್ಕಿಂತ ಕೆಳಗೆ ಬಂತು. ನಗು ನಿಂತಿತು.

ಮಾಡರೇಷನ್ ಬೇರೆಯೇ ತಲೆನೋವು. ನಾಮಕರಣದ ಕಾರ್ಡಿಗೆ "ತೊಟ್ಟಿಲಲ್ಲಿ ಬರಿಮೈ ಬಾಲಕೃಷ್ಣ" ಅಂತ ಅಜ್ಜಿಯೊಬ್ಬರು ಬರೆದರು. ಎಪಿಐ 400 ಕೊಟ್ಟು ತಿರಸ್ಕರಿಸಿತು. ನಮ್ಮ ಕೋಡು ಅದೇ ಮಾತನ್ನು ಮೂರು ಸಲ ಕೇಳಿ ಮೂರು ಸಲ ಬೈಸಿಕೊಂಡಿತು. ಈಗ ಮತ್ತೆ ಕೇಳೋದು ಮಿತಿ ಮೀರಿತೆನ್ನುವ 429 ಅಥವಾ ಅವರ ಸರ್ವರಿನದೇ ದೋಷವೆನ್ನುವ 5xx ಬಂದರೆ ಮಾತ್ರ, ಅದೂ ಅಂತರ ಹೆಚ್ಚಿಸುತ್ತಾ. ತಿರಸ್ಕಾರವಾದರೆ ವಾಕ್ಯ ಬದಲಿಸಿ ಒಂದೇ ಸಲ: "ಪೀತಾಂಬರ ಉಟ್ಟ ಬಾಲಕೃಷ್ಣ" ಸಲೀಸಾಗಿ ಪಾಸಾಯಿತು. ಯಾವ ಪದಕ್ಕೆ ಯಾವುದು ಬದಲಿ ಅನ್ನೋ ಪಟ್ಟಿ ನನ್ನ ಹತ್ತಿರವೇ ಇರಲಿ, ಕ್ಷಮಿಸಿ.

ಇನ್ನೊಂದು ಸೇವೆಯ ಕಾಟ ಇದಕ್ಕಿಂತ ಕೆಟ್ಟದ್ದು: 200 ಅಂತಲೇ ಹೇಳಿ ಪೂರ್ತಿ ಕಪ್ಪು ಚಿತ್ರ ಕಳಿಸುತ್ತಿತ್ತು. ಅದರ ಫಿಲ್ಟರ್ ತಡೆದದ್ದು ನಮಗೆ ಗೊತ್ತಾಗಿದ್ದು ಗಿರಾಕಿ ಫೋನ್ ಮಾಡಿ, "ಮದುವೆ ಕಾರ್ಡು ಕಪ್ಪಗಿದೆಯಲ್ಲಪ್ಪಾ" ಅಂದಾಗ. ಈಗ ಪಿಕ್ಸೆಲ್‌ಗಳ ಏರುಪೇರು ಅಳೆಯುತ್ತೇವೆ. ಸೊನ್ನೆಯ ಹತ್ತಿರವಿದ್ದರೆ ಅದು ಚಿತ್ರವೇ ಅಲ್ಲ.

ನಡುವೆ ಕನ್ನಡ ಅಕ್ಷರಗಳನ್ನೂ ಚಿತ್ರದಲ್ಲೇ ಬರೆಸಲು ಹೋಗಿ ಸುಮಾರು ಎರಡು ಸಾವಿರ ರೂಪಾಯಿ ಕಳೆದೆ. ಒತ್ತಕ್ಷರಗಳೆಲ್ಲ ಎಲ್ಲೆಲ್ಲೋ ಕೂತವು. ಅಕ್ಷರವನ್ನು ನಾವೇ ಫಾಂಟಿನಲ್ಲಿ ಮೇಲೆ ಕೂರಿಸೋದೇ ಸರಿ.

ಎಲ್ಲ ಕೈಕೊಟ್ಟರೆ 90 ಸೆಕೆಂಡಿನ ನಂತರ ಮೊದಲೇ ಬರೆಸಿಟ್ಟ ನಲವತ್ತು ಹಿನ್ನೆಲೆಗಳಲ್ಲಿ ಸಮಾರಂಭಕ್ಕೆ ಹೊಂದುವ ಮೂರನ್ನು ತೋರಿಸುತ್ತೇವೆ, ಇವು ಸಿದ್ಧ ಚಿತ್ರಗಳು ಅಂತ ಹೇಳಿಯೇ. ಅಜ್ಜಿಯ ಮನೆಯವರು ಮುಂದೆ ಸೀಮಂತದ ಕಾರ್ಡಿಗೆ ಅದರಲ್ಲೇ ಬಾಳೆಕಂಬದ್ದನ್ನು ಆರಿಸಿಕೊಂಡರು.